ಐನೂರು ಡಾಲರ್ ಹೊರಟಿತು, ಬಂದಿದ್ದೆಷ್ಟು?

ಡಿಸೆಂಬರ್ 2024. ಡಾಲರ್ ಬೆಲೆ ಮೊದಲ ಸಲ 85 ರೂಪಾಯಿ ದಾಟಿದ ವಾರ. ಪೇಪರ್‌ನವರೆಲ್ಲ ರೂಪಾಯಿ ಕುಸೀತು ಅಂತ ಬರೀತಿದ್ರೆ, ನಮ್ಮ ಹಾಸ್ಟೆಲ್ ರೂಮಿನಲ್ಲಿ ಮಾತ್ರ ಹಬ್ಬ. ಯಾಕಂದ್ರೆ ನಾನು ಮತ್ತು ನನ್ನ ರೂಮ್‌ಮೇಟ್ ಸೇರಿ ಅಮೆರಿಕದ ಒಂದು ಸಣ್ಣ ಕಂಪನಿಗೆ ಫರ್ಮ್‌ವೇರ್ ಬರೆದುಕೊಟ್ಟಿದ್ದೆವು. ಒಂದು ತೇವಾಂಶ ಅಳೆಯುವ ಬೋರ್ಡಿನ ಕೋಡ್, ಆರು ವಾರದ ಕೆಲಸ, 500 ಡಾಲರ್ ಕೂಲಿ. ಹಣ ಬರುವುದು ನನ್ನ ಖಾತೆಗೆ, ಪಾಲು ಅರ್ಧರ್ಧ ಅಂತ ಮಾತಾಗಿತ್ತು.

ಫೋನಿನಲ್ಲಿ ರೇಟು ನೋಡಿ ಲೆಕ್ಕ ಹಾಕಿದ್ದೂ ಆಯ್ತು. 500ನ್ನು 85ರಿಂದ ಗುಣಿಸಿದರೆ 42,500. ತಲಾ 21,250. ರೂಮ್‌ಮೇಟ್ ಅಷ್ಟನ್ನೇ ನಂಬಿಕೊಂಡು "ಈ ಸಲ ಮೆಸ್ ಬಿಲ್ ನಾನೇ ಕಟ್ತೀನಿ" ಅಂತ ಊರಿಗೆ ಫೋನ್ ಮಾಡಿ ಹೇಳಿಬಿಟ್ಟಿದ್ದ.

ಸೋಮವಾರ ಮಧ್ಯಾಹ್ನ ಲ್ಯಾಬಿನಲ್ಲಿದ್ದಾಗ ಮೆಸೇಜ್ ಬಂತು. ಖಾತೆಗೆ ಜಮೆ: ರೂ. 40,285.43.

ನಾನು ಅವನಿಗೆ 20,142 ರೂಪಾಯಿ ಕಳಿಸಿದೆ. ಸಂಜೆ ಅವನು ಬಾಗಲಕೋಟೆಯ ತನ್ನ ಮಾತಲ್ಲೇ ಕೇಳಿದ: "ಯಾಕಲೇ, ಉಳಿದ ರೊಕ್ಕ ಎಲ್ಲಿ ಹೋತು?" ನಗುತ್ತಲೇ ಕೇಳಿದ. ಆದ್ರೆ ಆ ನಗು ನನಗೆ ಹಿಡಿಸಲಿಲ್ಲ. ಖಾತೆ ನನ್ನದು, ಹಣ ಬಂದಿದ್ದು ನನಗೆ, ಕಡಿಮೆ ಬಂದಿದ್ದು ಅವನಿಗೆ. ಆ ಸಿಟ್ಟಿನಲ್ಲಿ ನಾನು ನೇರ ಕಂಪನಿಯವರಿಗೇ ಮೇಲ್ ಹಾಕಿದೆ, "ನೀವು ಒಪ್ಪಿದ್ದಕ್ಕಿಂತ ಕಡಿಮೆ ಕಳಿಸಿದ್ದೀರಿ" ಅಂತ. ಅವರು ಮರುದಿನ ತಮ್ಮ ಬ್ಯಾಂಕಿನ ರಸೀದಿ ಕಳಿಸಿದರು. ಅದರಲ್ಲಿ ಕಳಿಸಿದ ಮೊತ್ತ 500.00 ಡಾಲರ್, ಅದರ ಮೇಲೆ ವೈರ್ ಶುಲ್ಕ 45 ಡಾಲರ್. ಅಂದ್ರೆ ಅವರ ಜೇಬಿನಿಂದ ಹೋಗಿದ್ದು 545. ಮೋಸ ಹೋದವರ ಥರ ಮೇಲ್ ಬರೆದಿದ್ದ ನನಗೆ ಮುಖ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ.

ಹಾಗಾದ್ರೆ 2,214 ರೂಪಾಯಿ 57 ಪೈಸೆ ಎಲ್ಲಿ ಹೋಯಿತು? ಆ ಲೆಕ್ಕವನ್ನು ಪೈಸೆ ಪೈಸೆ ಹುಡುಕಿದ ಕತೆಯೇ ಈ ಪಾಠ. ನಿಮ್ಮಲ್ಲಿ ಹೊರದೇಶದ ಕೆಲಸ ಹಿಡಿದವರು, ಹಿಡಿಯಲಿರುವವರು ತುಂಬಾ ಜನ ಇದ್ದೀರಿ. ನಾನು ಮಾಡಿದ ತಪ್ಪು ನೀವು ಮಾಡಬೇಡಿ.

ಮೊದಲ ತಪ್ಪು: ಒಂದೇ ಭಾಗಾಕಾರ

ನಾವು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬಂದ 40,285.43ನ್ನು 500ರಿಂದ ಭಾಗಿಸಿದೆವು. 80.57 ಬಂತು. "ನೋಡು, ಬ್ಯಾಂಕಿನವರು 85ರ ಡಾಲರಿಗೆ 80 ಕೊಟ್ಟಿದ್ದಾರೆ, ಹಗಲು ದರೋಡೆ" ಅಂತ ರೂಮ್‌ಮೇಟ್ ತೀರ್ಪು ಕೊಟ್ಟ.

ಈ ತೀರ್ಪು ತಪ್ಪು. 80.57 ಅನ್ನುವ ರೇಟನ್ನು ಯಾರೂ ಕೊಟ್ಟಿಲ್ಲ. ಅದು ನಾಲ್ಕು ಬೇರೆ ಬೇರೆ ಕಡಿತಗಳು ಒಂದರ ಮೇಲೊಂದು ಬಿದ್ದ ಮೇಲೆ ಉಳಿದ ಸಂಖ್ಯೆ, ಅಷ್ಟೇ. ನಮ್ಮ ಭಾಷೆಯಲ್ಲೇ ಹೇಳುವುದಾದರೆ, ಸರಣಿಯಲ್ಲಿ ನಾಲ್ಕು ರೆಸಿಸ್ಟರ್ ಕೂತಿವೆ. ನೀವು ಎರಡು ತುದಿಯಲ್ಲಿ ಮಾತ್ರ ಮೀಟರ್ ಇಟ್ಟು ಒಟ್ಟು ವೋಲ್ಟೇಜ್ ಇಳಿಕೆ ಓದಿದರೆ ಯಾವ ರೆಸಿಸ್ಟರ್ ಎಷ್ಟು ತಿಂದಿತು ಅಂತ ಹೇಗೆ ಗೊತ್ತಾಗುತ್ತೆ? ಪ್ರತಿ ನೋಡ್‌ನಲ್ಲೂ ಮೀಟರ್ ಇಡಬೇಕು. ಹಣದ ದಾರಿಯಲ್ಲೂ ಹಾಗೆ ನೋಡ್‌ಗಳಿವೆ. ಪ್ರತಿ ನೋಡ್‌ಗೂ ಒಂದು ಕಾಗದ ಇದೆ. ಆ ಕಾಗದ ಕೇಳಿ ಪಡೆಯುವುದೇ ಇಲ್ಲಿನ ಮುಖ್ಯ ಕೆಲಸ.

ಹಣ ಹೋಗಲ್ಲ, ಸಂದೇಶ ಹೋಗುತ್ತೆ

ಡಾಲರ್ ಅಮೆರಿಕದಿಂದ ವಿಮಾನ ಹತ್ತಿ ಬರುವುದಿಲ್ಲ. ನಿಜ ಹೇಳಬೇಕಂದ್ರೆ ಅದು ಅಮೆರಿಕ ಬಿಟ್ಟು ಹೊರಡುವುದೇ ಇಲ್ಲ. ನಮ್ಮ ಭಾರತದ ಬ್ಯಾಂಕು ಅಲ್ಲಿನ, ಸಾಮಾನ್ಯವಾಗಿ ನ್ಯೂಯಾರ್ಕಿನ, ಯಾವುದೋ ದೊಡ್ಡ ಬ್ಯಾಂಕಿನಲ್ಲಿ ತನ್ನ ಹೆಸರಿನಲ್ಲಿ ಒಂದು ಡಾಲರ್ ಖಾತೆ ಇಟ್ಟಿರುತ್ತೆ. ಇದಕ್ಕೆ ನೋಸ್ಟ್ರೋ ಖಾತೆ ಅಂತಾರೆ. ಕಂಪನಿಯವರ ಡಾಲರ್ ಆ ಖಾತೆಗೆ ಜಮೆಯಾದರೆ ಸಾಕು, ನಮ್ಮ ಬ್ಯಾಂಕು ಇಲ್ಲಿ ತನ್ನ ಹತ್ತಿರ ಇರುವ ರೂಪಾಯಿಯನ್ನು ನಮಗೆ ಕೊಡುತ್ತೆ. ಅಂದ್ರೆ ನಮ್ಮ ಬ್ಯಾಂಕು ನಮ್ಮ ಕೈಯಿಂದ ಡಾಲರ್ ಕೊಂಡುಕೊಳ್ತಿದೆ. ಇದೊಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಕಂಪನಿಯವರ ಬ್ಯಾಂಕು ಒಂದು ಸಣ್ಣ ಊರಿನ ಬ್ಯಾಂಕು. ಅದಕ್ಕೂ ನಮ್ಮ ಬ್ಯಾಂಕಿಗೂ ನೇರ ಪರಿಚಯವೇ ಇಲ್ಲ. ಹಾಗಾಗಿ ಅದು ತನ್ನ ಪರಿಚಯದ ದೊಡ್ಡ ಬ್ಯಾಂಕಿಗೆ ಹೇಳುತ್ತೆ, ಆ ದೊಡ್ಡ ಬ್ಯಾಂಕು ನಮ್ಮ ಬ್ಯಾಂಕಿನ ನೋಸ್ಟ್ರೋ ಖಾತೆ ಇರುವ ಇನ್ನೊಂದು ದೊಡ್ಡ ಬ್ಯಾಂಕಿಗೆ ಹಣ ದಾಟಿಸುತ್ತೆ. ನಮ್ಮೂರ ಕಡೆ ಗುರುತಿನವರ ಗುರುತಿನವರ ಕೈಯಲ್ಲಿ ಸಾಮಾನು ಕಳಿಸುವ ಹಾಗೆ. ಇವರೇ ಮಧ್ಯವರ್ತಿ ಬ್ಯಾಂಕುಗಳು. ಸಾಮಾನು ದಾಟಿಸಿದವರು ಬಸ್ ಚಾರ್ಜು ಇಟ್ಟುಕೊಳ್ಳುತ್ತಾರೆ. ಅದನ್ನು ಎಲ್ಲಿಂದ ಇಟ್ಟುಕೊಳ್ಳುತ್ತಾರೆ? ದಾಟುತ್ತಿರುವ ಹಣದಿಂದಲೇ.

ದೇಶ ದಾಟುವ ಸಂದೇಶಗಳನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಒಯ್ಯುವ ಜಾಲದ ಹೆಸರು ಸ್ವಿಫ್ಟ್. 1973ರಲ್ಲಿ ಬೆಲ್ಜಿಯಂನಲ್ಲಿ ಶುರುವಾದ ಬ್ಯಾಂಕುಗಳ ಸಹಕಾರ ಸಂಸ್ಥೆ ಅದು. ಸ್ವಿಫ್ಟ್ ಹಣ ಹಿಡಿದುಕೊಳ್ಳುವುದಿಲ್ಲ, ಸಂದೇಶ ಮಾತ್ರ ಒಯ್ಯುತ್ತೆ. ನಮ್ಮ ಪುಣ್ಯಕ್ಕೆ ಆ ಸಂದೇಶದಲ್ಲಿ ಯಾರು ಎಷ್ಟು ಮುರಿದುಕೊಂಡರು ಅಂತ ಬರೆಯಲು ಜಾಗ ಇದೆ.

ಮೊದಲ ನೋಡ್: ದಾರಿಯಲ್ಲಿ ಮುರಿದ 15 ಡಾಲರ್

ನಾನು ನನ್ನ ಶಾಖೆಗೆ ಹೋಗಿ ಕೇಳಿದೆ. ಅಲ್ಲಿನವರು "ಇದು ಇಲ್ಲಿ ಗೊತ್ತಾಗಲ್ಲ, ಫಾರೆಕ್ಸ್ ಶಾಖೆಗೆ ಹೋಗಿ" ಅಂದರು. ವಿದೇಶಿ ವಿನಿಮಯದ ಕೆಲಸ ಎಲ್ಲ ಶಾಖೆಗಳಲ್ಲೂ ನಡೆಯುವುದಿಲ್ಲ. ಎರಡು ಬಸ್ ಬದಲಿಸಿ ಅಲ್ಲಿಗೆ ಹೋದೆ. ಅಲ್ಲಿದ್ದ ಮೇಡಂ ಮೊದಲು ಕೇಳಿದ್ದು, "ಏನು ಬೇಕಪ್ಪಾ ನಿನಗೆ, ಸರಿಯಾಗಿ ಹೇಳು. ಹಣ ಕಡಿಮೆ ಬಂದಿದೆ ಅಂತ ಹೇಳಿದ್ರೆ ನಾನೇನು ಹುಡುಕಲಿ?" ನಾನು ತಬ್ಬಿಬ್ಬಾದೆ. ಅವರೇ ಹೇಳಿಕೊಟ್ಟರು: "ಎರಡು ಕಾಗದ ಕೇಳು. ಒಂದು, ಬಂದ ಸ್ವಿಫ್ಟ್ ಸಂದೇಶದ ಪ್ರತಿ. ಇನ್ನೊಂದು, ನಾವು ರೂಪಾಯಿಗೆ ಬದಲಾಯಿಸಿದ್ದರ ಅಡ್ವೈಸ್."

ಸಂದೇಶದ ಪ್ರತಿಯಲ್ಲಿ ನಮಗೆ ಬೇಕಾಗಿದ್ದು ಈ ನಾಲ್ಕೇ ಸಾಲು:

```
:32A:241220USD485,00
:33B:USD500,00
:71A:SHA
:71F:USD15,00
```

ಕೋಡ್ ಬರೆಯುವವರಿಗೆ ಇದೇನು ಕಷ್ಟವಲ್ಲ. `33B` ಅಂದ್ರೆ ಕಳಿಸುವವರು ಹೇಳಿದ ಮೊತ್ತ, 500 ಡಾಲರ್. `32A` ಅಂದ್ರೆ ನಮ್ಮ ಬ್ಯಾಂಕಿಗೆ ನಿಜವಾಗಿ ಸಿಕ್ಕಿದ ಮೊತ್ತ ಮತ್ತು ಅದರ ದಿನಾಂಕ, 2024ರ ಡಿಸೆಂಬರ್ 20, 485 ಡಾಲರ್. ದಶಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಬಳಸುತ್ತಾರೆ. `71F` ಅಂದ್ರೆ ದಾರಿಯಲ್ಲಿ ಮುರಿದುಕೊಂಡ ಶುಲ್ಕ, 15 ಡಾಲರ್. ಇಬ್ಬರು ಮುರಿದುಕೊಂಡಿದ್ದರೆ ಈ ಸಾಲು ಎರಡು ಸಲ ಬರುತ್ತೆ. 500ರಲ್ಲಿ 15 ಕಳೆದರೆ 485. ಲೆಕ್ಕ ಕೂಡಿತು.

ಅಂದ್ರೆ ಕಂಪನಿಯವರು ಸುಳ್ಳು ಹೇಳಿಲ್ಲ, ನಮ್ಮ ಬ್ಯಾಂಕೂ ಈ 15ನ್ನು ಮುಟ್ಟಿಲ್ಲ. ನಾನು ಬೈದುಕೊಂಡ ಇಬ್ಬರೂ ಈ ಕಡಿತದ ಮಟ್ಟಿಗೆ ನಿರಪರಾಧಿಗಳು.

ಯಾಕೆ ಮುರಿದರು ಅನ್ನುವುದಕ್ಕೆ ಉತ್ತರ `71A` ಸಾಲಿನಲ್ಲಿದೆ. ಅಲ್ಲಿ ಮೂರು ಸಂಕೇತಗಳಲ್ಲಿ ಒಂದು ಇರುತ್ತೆ. `OUR` ಇದ್ದರೆ ದಾರಿಯ ಶುಲ್ಕವೆಲ್ಲ ಕಳಿಸುವವರದ್ದು. `SHA` ಇದ್ದರೆ ಕಳಿಸುವವರು ತಮ್ಮ ಬ್ಯಾಂಕಿನ ಶುಲ್ಕ ಮಾತ್ರ ಕೊಡುತ್ತಾರೆ, ಉಳಿದಿದ್ದು ಪಡೆಯುವವರ ತಲೆಗೆ. `BEN` ಇದ್ದರೆ ಎಲ್ಲ ಶುಲ್ಕವೂ ಪಡೆಯುವವರದ್ದೇ. ನಮ್ಮದು `SHA`. ಕಂಪನಿಯವರು ಅದನ್ನು ಬೇಕಂತಲೇ ಆರಿಸಿದ್ದೇನಲ್ಲ. ಏನೂ ಹೇಳದೆ ಇದ್ದರೆ ಎಷ್ಟೋ ಬ್ಯಾಂಕುಗಳು ಹಾಕುವುದು ಅದನ್ನೇ.

ಒಂದು ಮಾತು. ನಾನು ಕೊಟ್ಟಿರುವುದು MT103 ಅನ್ನುವ ಹಳೆಯ ನಮೂನೆ. 2025ರ ನವೆಂಬರ್‌ನಲ್ಲಿ ಬ್ಯಾಂಕುಗಳು ಇದನ್ನು ಬಿಟ್ಟು pacs.008 ಅನ್ನುವ ಎಕ್ಸ್ಎಂಎಲ್ ನಮೂನೆಗೆ ಬಂದಿವೆ. ಅದರಲ್ಲಿ ಇವೇ ವಿಷಯಗಳು ಬೇರೆ ಹೆಸರಿನಲ್ಲಿರುತ್ತವೆ. ಹೇಳಿದ ಮೊತ್ತ `InstdAmt`, ಸಿಕ್ಕಿದ ಮೊತ್ತ `IntrBkSttlmAmt`, ಶುಲ್ಕ ಯಾರದು ಅನ್ನುವುದು `ChrgBr`, ಯಾರು ಎಷ್ಟು ಮುರಿದರು ಅನ್ನುವುದು `ChrgsInf`. `SHA` ಬದಲು `SHAR`, `OUR` ಬದಲು `DEBT`, `BEN` ಬದಲು `CRED` ಅಂತ ಕಾಣುತ್ತೆ. ಹೆಸರು ಬದಲಾಗಿದೆ, ಲೆಕ್ಕ ಅದೇ.

ಎರಡನೇ ನೋಡ್: ಫೋನಿನ ರೇಟು, ಬ್ಯಾಂಕಿನ ರೇಟು

ಈಗ 485 ಡಾಲರ್ ನಮ್ಮ ಬ್ಯಾಂಕಿನ ಕೈಯಲ್ಲಿದೆ. ಅಂದು ಫೋನಿನಲ್ಲಿ ಕಾಣುತ್ತಿದ್ದ ರೇಟು 85 ರೂಪಾಯಿ ಚಿಲ್ಲರೆ. ಲೆಕ್ಕ ಸುಲಭವಾಗಲಿ ಅಂತ ಪೈಸೆ ಬಿಟ್ಟು 85.00 ಅಂತಲೇ ಇಟ್ಟುಕೊಳ್ಳೋಣ. ಅಡ್ವೈಸ್‌ನಲ್ಲಿ ಇದ್ದ ರೇಟು 83.70.

ಫೋನಿನಲ್ಲಿ ಕಾಣುವುದು ಮಧ್ಯದ ರೇಟು. ದೊಡ್ಡ ಬ್ಯಾಂಕುಗಳು ತಮ್ಮತಮ್ಮೊಳಗೆ ಕೊಳ್ಳುವ ಬೆಲೆ, ಮಾರುವ ಬೆಲೆ ಎರಡರ ನಡುವಿನ ಸಂಖ್ಯೆ ಅದು. ಆ ಬೆಲೆಗೆ ನಮ್ಮಂಥವರಿಗೆ ಯಾರೂ ಕೊಡುವುದಿಲ್ಲ, ನಮ್ಮಿಂದ ಯಾರೂ ಕೊಳ್ಳುವುದೂ ಇಲ್ಲ. ಎಪಿಎಂಸಿಯಲ್ಲಿ ಈರುಳ್ಳಿಯ ಸಗಟು ಬೆಲೆ ಪೇಪರ್‌ನಲ್ಲಿ ಬಂದಿರುತ್ತೆ, ಆದ್ರೆ ನಮ್ಮ ಬೀದಿಯ ಗಾಡಿಯವನ ಬೆಲೆಯೇ ಬೇರೆ ಅಲ್ವಾ? ಹಾಗೆ.

ಆಗಲೇ ಹೇಳಿದೆನಲ್ಲ, ಬ್ಯಾಂಕು ನಮ್ಮಿಂದ ಡಾಲರ್ ಕೊಳ್ಳುತ್ತಿದೆ ಅಂತ. ಖಾತೆಗೆ ಬಂದ ಡಾಲರನ್ನು ಕೊಳ್ಳುವ ಬೆಲೆಗೆ ಟಿಟಿ ಬೈಯಿಂಗ್ ರೇಟ್ ಅಂತ ಹೆಸರು. ಬ್ಯಾಂಕುಗಳು ದಿನವೂ ಒಂದು ಪಟ್ಟಿ ಹೊರಡಿಸುತ್ತವೆ, ಅದಕ್ಕೆ ಕಾರ್ಡ್ ರೇಟ್ ಅಂತಾರೆ. ಅದರಲ್ಲಿ ಒಂದೇ ಡಾಲರಿಗೆ ನಾಲ್ಕಾರು ಬೆಲೆ ಇರುತ್ತೆ. ನೋಟು ಕೊಳ್ಳುವ ಬೆಲೆ ಬೇರೆ, ಖಾತೆಯ ಡಾಲರ್ ಕೊಳ್ಳುವ ಬೆಲೆ ಬೇರೆ, ಮಾರುವ ಬೆಲೆ ಬೇರೆ. ನಮಗೆ ಬೇಕಾದ ಸಾಲು ಟಿಟಿ ಬೈಯಿಂಗ್ ಒಂದೇ. ರೂಮ್‌ಮೇಟ್ ಜಾಲತಾಣದಲ್ಲಿ ಪಟ್ಟಿ ಹುಡುಕಿ ಮಾರುವ ಬೆಲೆ ನೋಡಿ "86 ಐತಿ, 83 ಕೊಟ್ಟಾರ" ಅಂತ ಕೂಗಾಡಿದ್ದ. ಅದು ನಾವು ಹೊರಗೆ ಹಣ ಕಳಿಸುವಾಗಿನ ಬೆಲೆ.

85.00ಕ್ಕೂ 83.70ಕ್ಕೂ ಇರುವ 1 ರೂಪಾಯಿ 30 ಪೈಸೆಯ ಅಂತರವೇ ಮಾರ್ಜಿನ್. 485 ಡಾಲರಿಗೆ ಅದು 630.50 ರೂಪಾಯಿ. ಈ ಮೊತ್ತ ನಿಮ್ಮ ಪಾಸ್‌ಬುಕ್ಕಿನಲ್ಲಾಗಲೀ ಅಡ್ವೈಸ್‌ನಲ್ಲಾಗಲೀ 'ಶುಲ್ಕ' ಅಂತ ಎಲ್ಲೂ ಕಾಣುವುದಿಲ್ಲ. ಅಡ್ವೈಸ್‌ನಲ್ಲಿ ಬರೀ ರೇಟು ಇರುತ್ತೆ. ಅದೇ ದಿನದ ಮಧ್ಯದ ರೇಟು ನೀವೇ ಬರೆದಿಟ್ಟುಕೊಂಡಿದ್ದರೆ ಮಾತ್ರ ಅಂತರ ಗೊತ್ತಾಗುತ್ತೆ.

'ಅದೇ ದಿನದ' ಅಂದಿದ್ದಕ್ಕೆ ಕಾರಣ ಇದೆ. ಹಣ ಹೊರಟ ದಿನದ ರೇಟು ಇಲ್ಲಿ ಲೆಕ್ಕಕ್ಕಿಲ್ಲ, ಬ್ಯಾಂಕು ರೂಪಾಯಿಗೆ ಬದಲಾಯಿಸಿದ ದಿನದ್ದು ಲೆಕ್ಕ. ನಮ್ಮದು ಶುಕ್ರವಾರ ನ್ಯೂಯಾರ್ಕಿನಲ್ಲಿ ಜಮೆಯಾಗಿ ಸೋಮವಾರ ಬದಲಾಯಿತು. ನಡುವೆ ಮಾರುಕಟ್ಟೆ ಏರಿದರೆ ಲಾಭ, ಇಳಿದರೆ ನಷ್ಟ. ಅದು ಮಾರ್ಜಿನ್ ಅಲ್ಲ, ಅದನ್ನು ಬ್ಯಾಂಕಿನ ಲೆಕ್ಕಕ್ಕೆ ಹಾಕಬಾರದು. ಹಣ ಯಾವ ಕೆಲಸಕ್ಕೆ ಬಂತು ಅಂತ ತಿಳಿಸುವ ಪರ್ಪಸ್ ಕೋಡ್ ನೀವು ಕೊಡದೆ ಇದ್ದರೆ ಬದಲಾವಣೆ ಇನ್ನೂ ತಡವಾಗುತ್ತೆ. ನಮ್ಮಂಥ ಸಾಫ್ಟ್‌ವೇರ್ ಕೆಲಸಕ್ಕೆ ಹಾಕುವ ಕೋಡ್ `P0802`. ಮೊದಲೇ ಕೊಟ್ಟಿಡಿ.

ಮೂರು ಮತ್ತು ನಾಲ್ಕನೇ ನೋಡ್: ಶುಲ್ಕ ಮತ್ತು ತೆರಿಗೆ

485ನ್ನು 83.70ರಿಂದ ಗುಣಿಸಿದರೆ 40,594.50 ರೂಪಾಯಿ. ಖಾತೆಗೆ ಬಂದಿದ್ದು 40,285.43. ಇನ್ನೂ 309.07 ಬಾಕಿ.

ಇದರಲ್ಲಿ 236 ರೂಪಾಯಿ ನಮ್ಮ ಬ್ಯಾಂಕು ಹೊರದೇಶದ ಹಣ ಸ್ವೀಕರಿಸಿದ್ದಕ್ಕೆ ಹಾಕಿದ ಶುಲ್ಕ. 200 ರೂಪಾಯಿ ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ ಅಂದ್ರೆ 36. ಈ ಶುಲ್ಕ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ ಇರುತ್ತೆ.

ಉಳಿದ 73.07 ರೂಪಾಯಿ ನನಗೆ ಅತಿ ವಿಚಿತ್ರ ಅನ್ನಿಸಿದ ಕಡಿತ. ಅಡ್ವೈಸ್‌ನಲ್ಲಿ ಅದನ್ನು ವಿನಿಮಯದ ಮೇಲಿನ ಜಿಎಸ್‌ಟಿ ಅಂತ ಬರೆದಿದ್ದರು. ನಮ್ಮ ಕೂಲಿಯ ಮೇಲೆ ತೆರಿಗೆ ಹಾಕಿದ್ದಾರೆ ಅಂತ ನಾನು ಗಾಬರಿಯಾದೆ. ಹಾಗಲ್ಲ. ಕರೆನ್ಸಿ ಬದಲಾಯಿಸುವುದು ಬ್ಯಾಂಕಿನ ಒಂದು ಸೇವೆ. ಸೇವೆಗೆ ಜಿಎಸ್‌ಟಿ ಇದೆ. ಆದ್ರೆ ಆ ಸೇವೆಯ ಬೆಲೆ ಎಷ್ಟು? ಮಾರ್ಜಿನ್ ಕಾಗದದಲ್ಲಿ ಕಾಣುವುದಿಲ್ಲವಲ್ಲ. ಅದಕ್ಕೆ ಜಿಎಸ್‌ಟಿ ನಿಯಮದಲ್ಲೇ ಒಂದು ಅಂದಾಜು ಬೆಲೆ ಕೊಟ್ಟಿದ್ದಾರೆ, ಬ್ಯಾಂಕುಗಳು ಸಾಮಾನ್ಯವಾಗಿ ಅದನ್ನೇ ಬಳಸುತ್ತವೆ. ಬದಲಾಯಿಸಿದ ಮೊತ್ತ ಒಂದು ಲಕ್ಷದವರೆಗೆ ಇದ್ದರೆ ಅದರ ಶೇ. 1, ಕನಿಷ್ಠ 250 ರೂಪಾಯಿ. ಲಕ್ಷ ದಾಟಿದ ಭಾಗಕ್ಕೆ, ಹತ್ತು ಲಕ್ಷದವರೆಗೆ, ಶೇ. 0.5. ಹತ್ತು ಲಕ್ಷದ ಮೇಲೆ ಶೇ. 0.1. ಹೀಗೆ ಸಿಕ್ಕ ಅಂದಾಜು ಬೆಲೆಯ ಮೇಲೆ ಶೇ. 18 ತೆರಿಗೆ.

ನಮ್ಮ ಲೆಕ್ಕ: 40,594.50ರ ಶೇ. 1 ಅಂದ್ರೆ 405.95. ಅದರ ಶೇ. 18 ಅಂದ್ರೆ 73.07. ಪೈಸೆಗೆ ಪೈಸೆ ಸರಿ. ಎಷ್ಟೇ ಸಣ್ಣ ಮೊತ್ತ ಬದಲಾಯಿಸಿದರೂ 250ರ ಶೇ. 18, ಅಂದ್ರೆ 45 ರೂಪಾಯಿಗಿಂತ ಕಡಿಮೆ ಆಗುವುದಿಲ್ಲ ಅನ್ನುವುದನ್ನೂ ಗಮನಿಸಿ.

ಈಗ ಎಲ್ಲ ಕೂಡಿಸೋಣ

- ಮಧ್ಯವರ್ತಿ ಬ್ಯಾಂಕು ಮುರಿದ 15 ಡಾಲರ್, 85ರ ಲೆಕ್ಕದಲ್ಲಿ: 1,275.00
- ಮಾರ್ಜಿನ್, 485 ಡಾಲರಿಗೆ 1.30ರಂತೆ: 630.50
- ನಮ್ಮ ಬ್ಯಾಂಕಿನ ಶುಲ್ಕ, ಜಿಎಸ್‌ಟಿ ಸೇರಿ: 236.00
- ವಿನಿಮಯದ ಮೇಲಿನ ಜಿಎಸ್‌ಟಿ: 73.07
- ಒಟ್ಟು: 2,214.57

42,500ರಲ್ಲಿ ಇದನ್ನು ಕಳೆದರೆ 40,285.43. ಕಿರ್ಚಾಫ್ ಮಹಾಶಯರ ವೋಲ್ಟೇಜ್ ನಿಯಮದ ಹಾಗೆ ಇಳಿಕೆಗಳ ಮೊತ್ತ ಒಟ್ಟು ಅಂತರಕ್ಕೆ ಸರಿಯಾಗಿ ಕೂತಿತು. ಆ ಕಾಗದವನ್ನು ರೂಮಿಗೆ ತಂದು ಮಂಚದ ಮೇಲೆ ಹರಡಿದೆ. ರೂಮ್‌ಮೇಟ್ ತಾನೇ ಕ್ಯಾಲ್ಕುಲೇಟರ್ ಹಿಡಿದು ಎರಡು ಸಲ ಕೂಡಿದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ನಿನ್ನ ಮ್ಯಾಲೆ ಸಂಶಯ ಪಟ್ಟಿದ್ದಿಲ್ಲಪಾ" ಅಂದ. ಪಟ್ಟಿದ್ದ ಅಂತ ಇಬ್ಬರಿಗೂ ಗೊತ್ತಿತ್ತು. ಸುಮ್ಮನೆ ಚಹಾ ಕುಡಿಯಲು ಹೋದೆವು.

ಸಣ್ಣ ಮೊತ್ತಕ್ಕೆ ಶುಲ್ಕ, ದೊಡ್ಡ ಮೊತ್ತಕ್ಕೆ ರೇಟು

ಸೂತ್ರವಾಗಿ ಬರೆದರೆ ಇಷ್ಟೇ:

```
R = (A - d) * (m - s) - F - G
```

`A` ಕಳಿಸಿದ ಡಾಲರ್, `d` ದಾರಿಯಲ್ಲಿ ಮುರಿದಿದ್ದು, `m` ಮಧ್ಯದ ರೇಟು, `s` ಮಾರ್ಜಿನ್, `F` ಇಲ್ಲಿನ ಬ್ಯಾಂಕಿನ ಶುಲ್ಕ, `G` ವಿನಿಮಯದ ಜಿಎಸ್‌ಟಿ, `R` ಕೈಗೆ ಬಂದ ರೂಪಾಯಿ.

ಇದರಲ್ಲಿ `d` ಮತ್ತು `F` ಮೊತ್ತದ ಜೊತೆ ಬೆಳೆಯುವುದಿಲ್ಲ, ಹೆಚ್ಚುಕಡಿಮೆ ಸ್ಥಿರ. `s` ಮಾತ್ರ ಪ್ರತಿ ಡಾಲರಿಗೂ ಬೀಳುತ್ತೆ. ಹಾಗಾಗಿ ಮೊತ್ತ ಬದಲಾದರೆ ಕಳ್ಳನೂ ಬದಲಾಗುತ್ತಾನೆ. ನಮ್ಮ 500 ಡಾಲರಿನಲ್ಲಿ ಒಟ್ಟು ನಷ್ಟ ಶೇ. 5.2, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆ 15 ಡಾಲರಿನದ್ದೇ. ಅದೇ ರೇಟು, ಅದೇ ಶುಲ್ಕದಲ್ಲಿ 5,000 ಡಾಲರ್ ಬಂದಿದ್ದರೆ? ಮಧ್ಯವರ್ತಿಯ ಕಡಿತ ಅದೇ 1,275, ಬ್ಯಾಂಕಿನ ಶುಲ್ಕ ಅದೇ 236, ವಿನಿಮಯದ ಜಿಎಸ್‌ಟಿ 465.52, ಮಾರ್ಜಿನ್ ಮಾತ್ರ 6,480.50. ಒಟ್ಟು 8,457.02, ಅಂದ್ರೆ ಶೇ. 2. ಶೇಕಡಾವಾರು ಇಳಿಯಿತು, ಆದ್ರೆ ಮುಕ್ಕಾಲು ಪಾಲು ನಷ್ಟ ಈಗ ಮಾರ್ಜಿನ್ನಿನಲ್ಲಿದೆ. ನಮ್ಮ ಸಂಖ್ಯೆಗಳಲ್ಲಿ ಎರಡೂ ಸಮವಾಗುವುದು ಸುಮಾರು 1,200 ಡಾಲರ್ ಆಸುಪಾಸಿನಲ್ಲಿ. ಅದಕ್ಕಿಂತ ಸಣ್ಣದಾದರೆ ಶುಲ್ಕದ ಬಗ್ಗೆ ತಲೆ ಕೆಡಿಸಿಕೊಳ್ಳಿ, ದೊಡ್ಡದಾದರೆ ರೇಟಿನ ಬಗ್ಗೆ.

ಈ ಒಂದು ಮಾತು ಗೊತ್ತಿಲ್ಲದೆ ಜನ ಎರಡು ಬಗೆಯಲ್ಲಿ ಮೋಸ ಹೋಗುತ್ತಾರೆ. ಒಂದು, ಸಣ್ಣ ಸಣ್ಣ ಬಿಲ್ ಮಾಡಿ ತಿಂಗಳಿಗೆ ನಾಲ್ಕು ಸಲ ತರಿಸಿಕೊಳ್ಳುವುದು. ಪ್ರತಿ ಸಲವೂ ಆ 15 ಡಾಲರ್ ಹೋಗುತ್ತೆ. ಇನ್ನೊಂದು, 'ಶುಲ್ಕ ಸೊನ್ನೆ' ಅನ್ನುವ ಜಾಹೀರಾತು. ಕಳಿಸುವವರ ಬ್ಯಾಂಕು "ನಾವೇ ರೂಪಾಯಿಗೆ ಬದಲಾಯಿಸಿ ಕಳಿಸುತ್ತೇವೆ, ಶುಲ್ಕವಿಲ್ಲ" ಅಂದರೆ ಹಿಗ್ಗಬೇಡಿ. ಆಗ ಬದಲಾವಣೆ ಅಲ್ಲೇ ಆಗುತ್ತೆ, ಮಾರ್ಜಿನ್ ಅಲ್ಲೇ ಬೀಳುತ್ತೆ, ನಿಮ್ಮ ಬ್ಯಾಂಕಿನ ಅಡ್ವೈಸ್‌ನಲ್ಲಿ ಅದು ಕಾಣಿಸುವುದೂ ಇಲ್ಲ. ಅಂಥ ಹೊತ್ತಲ್ಲಿ ಎಷ್ಟು ಡಾಲರ್ ಕಡಿತವಾಯಿತು, ಎಷ್ಟು ರೂಪಾಯಿ ಹೊರಟಿತು ಅಂತ ಕಳಿಸುವವರನ್ನೇ ಕೇಳಿ ಭಾಗಿಸಿ ನೋಡಬೇಕು.

ಅಕ್ಕನೋ ಚಿಕ್ಕಪ್ಪನೋ ಅಮೆರಿಕದಿಂದ ಮನೆಗೆ ಹಣ ಕಳಿಸುವುದಾದರೆ ಇದು ಸುಲಭ. ವ್ಯಕ್ತಿಗಳು ಸ್ವಂತಕ್ಕೆ, ಮನೆಗೆ ಅಂತ ಹೊರದೇಶಕ್ಕೆ ಹಣ ಕಳಿಸುವಾಗ ರೇಟು, ಶುಲ್ಕ, ಆ ಕಡೆ ಸಿಗುವ ಮೊತ್ತ ಮೂರನ್ನೂ ಮೊದಲೇ ತಿಳಿಸಬೇಕು ಅಂತ ಅಲ್ಲಿ 2013ರಿಂದ ನಿಯಮ ಇದೆ. ಆ ಕಾಗದದ ಫೋಟೋ ಕಳಿಸಲು ಹೇಳಿ. ಆದ್ರೆ ಕಂಪನಿ ಕಳಿಸುವ ಹಣಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ನಮ್ಮ ಗಿರಾಕಿಗೆ 15 ಡಾಲರ್ ದಾರಿಯಲ್ಲಿ ಹೋಗುತ್ತೆ ಅಂತ ಯಾರೂ ಹೇಳಿರಲಿಲ್ಲ.

ಎರಡನೇ ಸಲ ಏನು ಮಾಡಿದೆವು

ಮೊದಲು ಕ್ಷಮೆ ಕೇಳಿ ಮೇಲ್ ಬರೆದೆ. `71F` ಸಾಲನ್ನು ತೋರಿಸಿ, ತಪ್ಪು ನಿಮ್ಮದಲ್ಲ, ಹಣ ದಾರಿಯಲ್ಲಿ ಹೀಗೆ ಕಡಿಮೆಯಾಗಿದೆ ಅಂತ ವಿವರಿಸಿದೆ. ಅವರಿಗೂ ಇದು ಹೊಸ ವಿಷಯ. ಮುಂದಿನ 500 ಡಾಲರಿನ ಕೆಲಸಕ್ಕೆ ಇನ್ವಾಯ್ಸ್ ಹಾಕುವಾಗ ಒಂದು ಸಾಲು ಸೇರಿಸಿದೆವು: ದಾರಿಯ ಬ್ಯಾಂಕ್ ಶುಲ್ಕ ಕಳಿಸುವವರದ್ದು, `OUR`. ಅವರ ಬ್ಯಾಂಕಿನ ಆನ್‌ಲೈನ್ ಫಾರಂನಲ್ಲಿ ಆ ಆಯ್ಕೆಯೇ ಇರಲಿಲ್ಲ, ಫೋನ್ ಮಾಡಿ ಹೇಳಬೇಕಾಯಿತು. ಅದಕ್ಕೆ 25 ಡಾಲರ್ ಹೆಚ್ಚಿಗೆ ತೆಗೆದುಕೊಂಡರಂತೆ. ಅಂದ್ರೆ 15 ಉಳಿಸಲು ಅವರು 25 ಕೊಟ್ಟರು. ಒಪ್ಪಿದ್ದು ಅವರ ದೊಡ್ಡತನ. ಎಲ್ಲ ಗಿರಾಕಿಗಳೂ ಒಪ್ಪಬೇಕಿಲ್ಲ.

ಈ ಸಲ ಪೂರ್ತಿ 500 ಡಾಲರ್ ಬಂತು. ಫಾರೆಕ್ಸ್ ಮೇಡಂ ಮೊದಲೇ ಎಚ್ಚರಿಸಿದ್ದರು, "`OUR` ಹಾಕಿದ್ರೆ ದಾರಿ ಖರ್ಚು ಉಳಿಯುತ್ತೆ, ರೇಟು ಮಾತ್ರ ನಮ್ಮದೇ" ಅಂತ. ಹಾಗೇ ಆಯ್ತು. ಆ ಹೊತ್ತಿಗೆ ಮಾರುಕಟ್ಟೆಯ ರೇಟು ಬೇರೆ ಆಗಿತ್ತು. ಹೋಲಿಕೆಗೆ ಹಳೆಯ ರೇಟಿನಲ್ಲೇ ಹೇಳುವುದಾದರೆ, 83.70ರಂತೆ 41,850, ಅದರಲ್ಲಿ 236 ಮತ್ತು ಜಿಎಸ್‌ಟಿ 75.33 ಕಳೆದು 41,538.67. ನಷ್ಟ 2,214ರಿಂದ 961ಕ್ಕೆ ಇಳಿಯಿತು.

ಅದಾದ ಮೇಲೆ `OUR` ಕೇಳುವುದನ್ನೂ ಬಿಟ್ಟೆವು. ಎರಡು ಕೆಲಸದ ಹಣ ಒಟ್ಟಿಗೆ ಹಾಕಿಸಿಕೊಳ್ಳುತ್ತೇವೆ. ಗಿರಾಕಿಯ 45 ಡಾಲರ್ ಒಂದೇ ಸಲ ಹೋಗುತ್ತೆ, ನಮ್ಮ 15 ಡಾಲರೂ 236 ರೂಪಾಯಿಯೂ ಒಂದೇ ಸಲ. ಇಬ್ಬರಿಗೂ ಉಳಿತಾಯ.

ನಿಮಗೂ ಹಣ ಕಡಿಮೆ ಬಂದರೆ

ಮೂರು ಕಾಗದ ಸೇರಿಸಿ. ಕಳಿಸಿದವರ ಬ್ಯಾಂಕಿನ ರಸೀದಿ, ಬಂದ ಸಂದೇಶದ ಪ್ರತಿ, ನಿಮ್ಮ ಬ್ಯಾಂಕಿನ ಅಡ್ವೈಸ್. ಮೊದಲ ಎರಡರ ಡಾಲರ್ ಹೋಲಿಸಿದರೆ ದಾರಿಯ ಕಡಿತ ಗೊತ್ತಾಗುತ್ತೆ. ಅಡ್ವೈಸ್‌ನ ರೇಟನ್ನು ಅಂದಿನ ಮಧ್ಯದ ರೇಟಿಗೆ ಹೋಲಿಸಿದರೆ ಮಾರ್ಜಿನ್. ಉಳಿದ ರೂಪಾಯಿ ಶುಲ್ಕ ಮತ್ತು ಜಿಎಸ್‌ಟಿಗೆ ಕೂಡಬೇಕು.

ಇಷ್ಟಾಗಿಯೂ ಕೂಡದಿದ್ದರೆ, ಅಥವಾ `71A`ಯಲ್ಲಿ `OUR` ಇದ್ದೂ ಡಾಲರ್ ಕಡಿಮೆ ಬಂದಿದ್ದರೆ, ಆಗ ಜಗಳಕ್ಕೆ ನಿಜವಾದ ಕಾರಣ ಇದೆ. ಕಳಿಸಿದವರ ಹತ್ತಿರ ಯುಇಟಿಆರ್ ಸಂಖ್ಯೆ ಕೇಳಿ. ಅದು 36 ಅಕ್ಷರಗಳ ಒಂದು ಯುಯುಐಡಿ, ನಾವು ಡೇಟಾಬೇಸ್‌ನಲ್ಲಿ ಬಳಸುವಂಥದ್ದೇ. ಅದನ್ನು ಹಿಡಿದು ಅವರ ಬ್ಯಾಂಕು ಹಣ ಯಾವ ಬ್ಯಾಂಕು ದಾಟಿತು, ಎಲ್ಲಿ ಎಷ್ಟು ಮುರಿಯಿತು ಅಂತ ಹುಡುಕಬಲ್ಲದು. ಆ ಹುಡುಕಾಟ ಶುರು ಮಾಡಬೇಕಾದವರು ಕಳಿಸಿದವರು. ಹಾಗಾಗಿ ಅವರೊಂದಿಗೆ ಜಗಳ ಆಡಿಕೊಂಡರೆ ನಷ್ಟ ನಮಗೇ.

ಮತ್ತೆ, ಪಾಲುದಾರಿಕೆಯಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಹಂಚಿಕೆಯ ಮಾತನ್ನು ಡಾಲರಿನಲ್ಲಿ ಆಡಬೇಡಿ, ಖಾತೆಗೆ ಬಂದ ರೂಪಾಯಿಯಲ್ಲಿ ಆಡಿ. ಅಡ್ವೈಸ್ ಬಂದ ದಿನವೇ ಇಬ್ಬರೂ ಕೂತು ನೋಡಿ. ಈಗ ನಮ್ಮ ರೂಮಿನಲ್ಲಿ ಅದೇ ರೂಢಿ. ಮೆಸೇಜ್ ಬಂದ ಕೂಡಲೇ ರೂಮ್‌ಮೇಟ್ ಕೇಳುವ ಪ್ರಶ್ನೆಯೂ ಬದಲಾಗಿದೆ. ರೊಕ್ಕ ಎಲ್ಲಿ ಹೋತು ಅನ್ನುವುದಿಲ್ಲ. "ಎಪ್ಪತ್ತೊಂದು ಎಫ್‌ನಾಗ ಎಷ್ಟೈತಿ?" ಅಂತಾನೆ.